ಮಗು ಎತ್ತುವ ಕೈಯ ಹೆಬ್ಬೆರಳ ಬುಡದಲ್ಲಿ ನೋವು

ಪ್ರಶ್ನೆ: ನನಗೆ 29 ವರ್ಷ. ಮೊದಲ ಹೆರಿಗೆ ಆಗಿ ಎರಡೂವರೆ ತಿಂಗಳು, ಮಗುವಿನ ತೂಕ 5.4 ಕೆ.ಜಿ. ಬಾಣಂತನಕ್ಕೆ ತವರಿನಲ್ಲಿದ್ದೇನೆ. ಒಂದು ತಿಂಗಳಿಂದ ಎಡಗೈ ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಕಡೆ ವಿಪರೀತ ನೋವು. ಮಗುವನ್ನು ಎತ್ತುವಾಗ ಜೀವವೇ ಹೋದಂತಾಗುತ್ತದೆ. ಎಕ್ಸ್-ರೇಯಲ್ಲಿ ಏನೂ ಇಲ್ಲ ಅಂದರು. ಕ್ರೇಪ್ ಬ್ಯಾಂಡೇಜ್ ಸುತ್ತಿದೆ, ನೋವಿನ ಜೆಲ್ ಹಚ್ಚಿದೆ, ಕಡಿಮೆಯಾಗಿಲ್ಲ. ಅಮ್ಮ ‘ಬಾಣಂತಿ ವಾಯು, ಎಣ್ಣೆ ಹಾಕಿ ಗಟ್ಟಿಯಾಗಿ ತಿಕ್ಕಿಸಿದರೆ ಹೋಗುತ್ತೆ’ ಅನ್ನುತ್ತಾರೆ. ಮೂಳೆ ಡಾಕ್ಟರು ಸ್ಟೀರಾಯ್ಡ್ ಇಂಜೆಕ್ಷನ್ ಅಂದಿದ್ದಾರೆ. ಎದೆಹಾಲು ಕೊಡುತ್ತಿರುವುದರಿಂದ ಭಯ. ಏನು ಮಾಡಲಿ?

ಉತ್ತರ: ನಿಮ್ಮ ವಿವರಣೆ ಓದಿದರೆ ಇದು ಡಿ ಕ್ವೆರ್ವೇನ್ ಎಂಬ ತೊಂದರೆ ಇರಬಹುದೆಂದು ಅನಿಸುತ್ತದೆ. 1895ರಲ್ಲಿ ಇದನ್ನು ವಿವರಿಸಿದ ಸ್ವಿಸ್ ಶಸ್ತ್ರಚಿಕಿತ್ಸಕ ಫ್ರಿಟ್ಜ್ ಡಿ ಕ್ವೆರ್ವೇನ್ ಅವರ ಹೆಸರು ಅದಕ್ಕೆ ಅಂಟಿಕೊಂಡಿದೆ. ಹೆರಿಗೆಯಾಗಿ ನಾಲ್ಕರಿಂದ ಆರು ವಾರದ ಹೊತ್ತಿಗೆ ಶುರುವಾಗುವುದು ಇದರ ಸಾಮಾನ್ಯ ಲಕ್ಷಣ. ನಿಮ್ಮದೂ ಆ ಲೆಕ್ಕಕ್ಕೆ ಸರಿಹೊಂದುತ್ತದೆ.

ಮೊದಲು ಒಳಗೆ ಏನಾಗಿದೆ ಎಂಬುದನ್ನು ನೋಡೋಣ. ಅದು ಗೊತ್ತಾದರೆ ಬ್ಯಾಂಡೇಜು ಏಕೆ ಕೆಲಸ ಮಾಡಲಿಲ್ಲ ಎಂಬುದೂ ತಿಳಿಯುತ್ತದೆ. ಹೆಬ್ಬೆರಳ ಬುಡದಿಂದ ಮಣಿಕಟ್ಟಿನ ಕಡೆಗೆ ಬೆರಳಾಡಿಸುತ್ತಾ ಬಂದರೆ ಮುಂಗೈ ಮೂಳೆಯ ತುದಿಯಲ್ಲಿ ಒಂದು ಗಟ್ಟಿ ಉಬ್ಬು ಸಿಗುತ್ತದೆ. ಹೆಬ್ಬೆರಳನ್ನು ಪಕ್ಕಕ್ಕೆ ಅಗಲಿಸುವ ಒಂದು ಟೆಂಡನ್, ಅದನ್ನು ಮೇಲಕ್ಕೆ ಎತ್ತುವ ಇನ್ನೊಂದು ಟೆಂಡನ್, ಈ ಎರಡೂ ಆ ಉಬ್ಬಿನ ಮೇಲೆ ಹಾದುಹೋಗುತ್ತವೆ. ಟೆಂಡನ್ ಅಂದರೆ ಮಾಂಸಖಂಡವನ್ನು ಮೂಳೆಗೆ ಬಿಗಿಯುವ ಬಿಳಿ ಹುರಿ. ಕೈ ಬಾಗಿದಾಗ ಈ ಹುರಿಗಳು ಜಾರಿಹೋಗದಿರಲೆಂದು ಅವುಗಳ ಮೇಲೆ ಸುಮಾರು 2 ಸೆಂ.ಮೀ. ಉದ್ದದ ಒಂದು ಪಟ್ಟಿ ಇದೆ. ಕೆಳಗೆ ಮೂಳೆ, ಮೇಲೆ ಪಟ್ಟಿ, ನಡುವೆ ಒಂದು ಇಕ್ಕಟ್ಟಾದ ಸುರಂಗ.

ತೊಂದರೆ ಇರುವುದು ಆ ಪಟ್ಟಿಯಲ್ಲಿ. ದಿನವೂ ಹುರಿಗಳು ಅದಕ್ಕೆ ಉಜ್ಜುತ್ತಾ ಹೋದಂತೆ ಪಟ್ಟಿ ದಪ್ಪವಾಗುತ್ತದೆ, ಸುರಂಗ ಕಿರಿದಾಗುತ್ತದೆ. ಆಮೇಲೆ ಪ್ರತಿ ಚಲನೆಯಲ್ಲೂ ಹುರಿ ಅದರೊಳಗೆ ತಿಕ್ಕಿಕೊಂಡೇ ಜಾರಬೇಕು. ಬಸುರಿನಲ್ಲಿ ಮತ್ತು ಹಾಲೂಡುವ ತಿಂಗಳುಗಳಲ್ಲಿ ಮೈಯಲ್ಲಿ ನೀರಿನಂಶ ಹೆಚ್ಚಾಗಿ ನಿಲ್ಲುವುದೂ ಈ ಇಕ್ಕಟ್ಟಿಗೆ ಕಾರಣವೆಂದು ವೈದ್ಯರು ಭಾವಿಸುತ್ತಾರೆ. ಮೂಳೆಗೆ ಏನೂ ಆಗಿರುವುದಿಲ್ಲ, ಆದ್ದರಿಂದ ಎಕ್ಸ್-ರೇ ಸರಿಯಾಗಿಯೇ ಬರುತ್ತದೆ. ಅಲ್ಟ್ರಾಸೌಂಡಿನಲ್ಲಿ ಪಟ್ಟಿ ದಪ್ಪವಾಗಿರುವುದು ಕಾಣುತ್ತದೆ. ಆದರೆ ಕೈ ಮುಟ್ಟಿ ನೋಡಿಯೇ ಗುರುತಿಸಬಹುದಾದ್ದರಿಂದ ಎಲ್ಲರಿಗೂ ಅದು ಬೇಕಿಲ್ಲ.

ಹುರಿಗೆ ತಿಕ್ಕಾಟ ಅತಿ ಹೆಚ್ಚಾಗುವುದು ಯಾವ ಭಂಗಿಯಲ್ಲಿ? ಹೆಬ್ಬೆರಳು ಅಗಲವಾಗಿ ಚಾಚಿಕೊಂಡಿರಬೇಕು, ಮಣಿಕಟ್ಟು ಕಿರುಬೆರಳಿನ ಕಡೆಗೆ ವಾಲಿರಬೇಕು, ಜೊತೆಗೆ ಕೈಮೇಲೆ ಭಾರ ಬೀಳಬೇಕು. ಮಲಗಿದ ಮಗುವಿನ ಎರಡೂ ಕಂಕುಳಿಗೆ ಕೈಹಾಕಿ, ಹೆಬ್ಬೆರಳು ಎದೆಯ ಮೇಲೆ, ಉಳಿದ ನಾಲ್ಕು ಬೆರಳು ಬೆನ್ನಿನ ಕೆಳಗೆ ಇಟ್ಟು ಎತ್ತುವ ರೀತಿಯನ್ನು ನೆನಪಿಸಿಕೊಳ್ಳಿ. ಮೂರೂ ಅದರಲ್ಲಿವೆ. ದಿನಕ್ಕೆ ಎಂಟು ಸಲ ಹಾಲು ಕೊಡುತ್ತೀರಿ ಅಂದುಕೊಳ್ಳಿ. ಎತ್ತುವುದು, ಪಕ್ಕ ಬದಲಿಸುವುದು, ತೇಗಿಸಿ ಮಲಗಿಸುವುದು ಸೇರಿ ಒಂದೊಂದಕ್ಕೆ ಮೂರು ಸಲ ಕೈಗೆ ಭಾರ ಬೀಳುತ್ತದೆ. ಅಲ್ಲಿಗೆ 24 ಆಯಿತು. ಬಟ್ಟೆ ಬದಲಿಸಲು, ಸ್ನಾನಕ್ಕೆ, ಅತ್ತಾಗ ಸಮಾಧಾನಕ್ಕೆ ಎಂದು ಸೇರಿಸಿದರೆ ಸುಲಭವಾಗಿ 40 ದಾಟುತ್ತದೆ. ಹುಟ್ಟಿದಾಗ 3 ಕೆ.ಜಿ. ಇದ್ದ ಮಗು ಈಗ 5.4 ಆಗಿದೆ, ಮುಂದಿನ ತಿಂಗಳು ಇನ್ನೂ ಹೆಚ್ಚು. ಕೈಗೆ ವಿರಾಮ ಕೊಡದೆ ದಿನಕ್ಕಿಷ್ಟು ಭಾರ ಏರುತ್ತಿರುವುದರಿಂದ ತಾನಾಗಿಯೇ ಹೋಗಲಿ ಎಂದು ಕಾದರೆ ಬೇಗ ಹೋಗುವುದಿಲ್ಲ.

ಬಲಗೈ ಬಳಸುವವರಿಗೂ ಎಡಗೈ ನೋಯುವುದೇಕೆ ಎಂದು ಹಲವರು ಕೇಳುತ್ತಾರೆ. ಬಲಗೈಯನ್ನು ಕೆಲಸಕ್ಕೆ ಬಿಟ್ಟುಕೊಂಡು ಮಗುವಿನ ತಲೆಯನ್ನು ಎಡಗೈಯಲ್ಲಿ ಹಿಡಿಯುವುದು ನಮ್ಮಲ್ಲಿ ರೂಢಿ. ಹಾಲೂಡುವಾಗ ಎಡ ಅಂಗೈಯನ್ನು ಬಟ್ಟಲಿನಂತೆ ಮಾಡಿ ಹೆಬ್ಬೆರಳು ಚಾಚಿ ತಲೆ ಹಿಡಿದರೆ ಇಪ್ಪತ್ತು ನಿಮಿಷ ಮಣಿಕಟ್ಟು ಬಾಗಿಯೇ ಇರುತ್ತದೆ.

ಇನ್ನು ಮನೆಯಲ್ಲೇ ಪರೀಕ್ಷಿಸಿಕೊಳ್ಳುವ ವಿಧಾನ. ಹೆಬ್ಬೆರಳನ್ನು ಮುಷ್ಟಿಯೊಳಗೆ ಹಾಕಿ ಮಣಿಕಟ್ಟನ್ನು ಕಿರುಬೆರಳಿನ ಕಡೆಗೆ ಬಗ್ಗಿಸುವುದನ್ನು ವಿಡಿಯೊಗಳಲ್ಲಿ ತೋರಿಸುತ್ತಾರೆ. ಅದನ್ನು ಫಿಂಕೆಲ್‌ಸ್ಟೈನ್ ಪರೀಕ್ಷೆ ಎಂದು ಕರೆಯುತ್ತಾರಾದರೂ ವಾಸ್ತವವಾಗಿ ಅದು ಐಖಾಫ್ ಎಂಬವರದು. ಫಿಂಕೆಲ್‌ಸ್ಟೈನ್ 1930ರಲ್ಲಿ ಹೇಳಿದ್ದು, ಪರೀಕ್ಷಿಸುವವರೇ ರೋಗಿಯ ಹೆಬ್ಬೆರಳನ್ನು ಹಿಡಿದು ಎಳೆಯುವ ವಿಧಾನ. ಹೆಸರಿನ ತಕರಾರು ದೊಡ್ಡದಲ್ಲ. ಆದರೆ ಮುಷ್ಟಿಯ ಪರೀಕ್ಷೆ ಆರೋಗ್ಯವಂತರಲ್ಲೂ ಒಂದಿಷ್ಟು ನೋಯಿಸುತ್ತದೆ, ಅದರಿಂದ ಮೋಸಹೋಗುವುದು ಸುಲಭ. ಎರಡೂ ಕೈಗಳಲ್ಲಿ ಮಾಡಿ ಹೋಲಿಸಿ, ಮೆಲ್ಲಗೆ, ಒಂದೇ ಸಲ. ಇದಕ್ಕಿಂತ ನಂಬಲು ಯೋಗ್ಯವಾದವು ಇನ್ನೆರಡು. ಬಲಗೈ ತೋರುಬೆರಳ ತುದಿಯಿಂದ ಎಡ ಮಣಿಕಟ್ಟಿನ ಆ ಗಟ್ಟಿ ಉಬ್ಬನ್ನು ಒತ್ತಿ: ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ತೀಕ್ಷ್ಣ ನೋವು ಸಿಗಬೇಕು. ನಂತರ ಎಡಗೈಯನ್ನು ಕಿರುಬೆರಳ ಅಂಚಿನ ಮೇಲೆ ಮೇಜಿನಲ್ಲಿಟ್ಟು ಹೆಬ್ಬೆರಳನ್ನು ಸೂರಿನ ಕಡೆಗೆ ಎತ್ತಿ, ಬಲಗೈಯಿಂದ ಅದನ್ನು ಕೆಳಗೆ ತಳ್ಳಿ ತಡೆಯಿರಿ: ಅದೇ ಜಾಗ ನೋಯಬೇಕು.

ಬೇರೆ ಕಾಯಿಲೆಯ ಸುಳಿವುಗಳೂ ಗೊತ್ತಿರಲಿ. ನೋವು ಉಬ್ಬಿನ ಮೇಲಲ್ಲದೆ ನಾಲ್ಕೈದು ಸೆಂ.ಮೀ. ಮೇಲೆ ಮುಂಗೈಯಲ್ಲಿದ್ದು ಕೈ ಆಡಿಸಿದಾಗ ಕಿರ್‌ ಎಂಬ ತಿಕ್ಕಾಟ ಬೆರಳಿಗೆ ತಿಳಿದರೆ ಅದು ಬೇರೆ ಜಾಗದ ಟೆಂಡನ್ ತೊಂದರೆ. ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಎಚ್ಚರವಾಗುತ್ತಿದ್ದರೆ ನರ ಒತ್ತಿರಬಹುದು. ಬಾಣಂತಿಯರಲ್ಲಿ ಇದೂ ಸಾಮಾನ್ಯ, ಎರಡೂ ಒಟ್ಟಿಗಿರಲೂಬಹುದು. ಬಿದ್ದು ಕೈಯೂರಿದ್ದರೆ ಸಣ್ಣ ಮೂಳೆ ಮುರಿತವನ್ನು ಮೊದಲು ತಳ್ಳಿಹಾಕಬೇಕು, ಮೊದಲ ಎಕ್ಸ್-ರೇಯಲ್ಲಿ ಅದು ಕಾಣದೆ ಹೋಗಬಹುದು. ಎರಡೂ ಮಣಿಕಟ್ಟು, ಬೆರಳ ಗೆಣ್ಣು ಊದಿಕೊಂಡು ಬೆಳಗ್ಗೆ ಒಂದು ಗಂಟೆಗೂ ಮೀರಿ ಬಿಗಿತವಿದ್ದರೆ ಕೀಲುವಾತಕ್ಕೆ ರಕ್ತಪರೀಕ್ಷೆ ಮಾಡಿಸಿ, ಏಕೆಂದರೆ ಅದು ಹೆರಿಗೆಯ ನಂತರ ತಲೆಯೆತ್ತುವ ಕಾಯಿಲೆ. ಜಾಗ ಕೆಂಪಗೆ, ಬಿಸಿಯಾಗಿ, ಜ್ವರವೂ ಬಂದರೆ ಆ ದಿನವೇ ಆಸ್ಪತ್ರೆಗೆ ಹೋಗಬೇಕು.

ಈಗ ಚಿಕಿತ್ಸೆಗೆ ಬರೋಣ. ನಿಮ್ಮ ಕ್ರೇಪ್ ಬ್ಯಾಂಡೇಜು ಮಣಿಕಟ್ಟನ್ನು ಸುತ್ತಿತ್ತು, ಹೆಬ್ಬೆರಳನ್ನು ಬಿಟ್ಟಿತ್ತು. ತಿಕ್ಕುವ ಹುರಿಗಳು ಹೆಬ್ಬೆರಳಿನವಾದ್ದರಿಂದ ಅದು ಆಡುತ್ತಿರುವವರೆಗೆ ಸುರಂಗಕ್ಕೆ ವಿಶ್ರಾಂತಿ ಸಿಗುವುದಿಲ್ಲ. ಬಿಗಿಯಾಗಿ ಸುತ್ತಿದರೆ ಹುರಿಯ ಮೇಲಿನ ಒತ್ತಡ ಇನ್ನೂ ಹೆಚ್ಚುತ್ತದೆ. ನಿಮಗೆ ಬೇಕಾದ್ದು ಹೆಬ್ಬೆರಳನ್ನೂ ಸೇರಿಸಿ ಹಿಡಿಯುವ ಪಟ್ಟಿ. ಔಷಧಿ ಅಂಗಡಿಯಲ್ಲಿ ‘ಥಂಬ್ ಸ್ಪೈಕಾ ಸ್ಪ್ಲಿಂಟ್’ ಎಂದು ಕೇಳಿ. ಮಣಿಕಟ್ಟಿನ ಸುತ್ತಳತೆ ತೆಗೆದುಕೊಂಡು ಹೋಗಿ, ಎಡಗೈಯದೆಂದು ಹೇಳಿ. ಹಾಕಿಕೊಂಡಾಗ ಮಣಿಕಟ್ಟು ನೆಟ್ಟಗೆ ಅಥವಾ ಸ್ವಲ್ಪ ಹಿಂದಕ್ಕೆ ಇರಬೇಕು, ಹೆಬ್ಬೆರಳು ನೀರಿನ ಲೋಟ ಹಿಡಿದಂತೆ ನಿಂತಿರಬೇಕು, ಅದರ ತುದಿಯ ಗೆಣ್ಣು ಮಾತ್ರ ಬಾಗಲು ಬಿಡುವಿರಬೇಕು. ತುದಿಗೆಣ್ಣನ್ನೂ ಕಟ್ಟಿಹಾಕುವಂಥದ್ದು ಬೇಡ, ಈ ಎರಡು ಹುರಿಗಳು ಅಲ್ಲಿಯವರೆಗೆ ಹೋಗುವುದಿಲ್ಲ.

ಸ್ಪ್ಲಿಂಟಿನಲ್ಲಿ ಹೆಚ್ಚಿನವರು ಮಾಡುವ ತಪ್ಪೊಂದಿದೆ. ರಾತ್ರಿ ಹಾಕಿಕೊಂಡು, ‘ಮಗುವಿಗೆ ಚುಚ್ಚುತ್ತೆ’ ಎಂದು ಹಗಲೆಲ್ಲ ಬಿಚ್ಚಿಡುತ್ತಾರೆ. ಗಾಯವಾಗುವುದು ಹಗಲಿನಲ್ಲಿ, ಮಗು ಎತ್ತುವಾಗ. ಮೊದಲ ಮೂರು ವಾರ ಸ್ನಾನ, ಊಟ ಬಿಟ್ಟು ಹಗಲೂ ರಾತ್ರಿ ಇರಲಿ. ತುದಿ ಕತ್ತರಿಸಿದ ಹಳೆಯ ಹತ್ತಿ ಕಾಲುಚೀಲವನ್ನು ಮೇಲೆ ಎಳೆದುಕೊಂಡರೆ ವೆಲ್ಕ್ರೋ ಮಗುವಿನ ಚರ್ಮಕ್ಕೆ ತಾಗುವುದಿಲ್ಲ. ಹೆಬ್ಬೆರಳ ಹಿಂಭಾಗ ಜೋಮು ಹಿಡಿದರೆ ಸ್ಪ್ಲಿಂಟ್ ಬಿಗಿಯಾಗಿದೆ ಎಂದರ್ಥ. ಅಲ್ಲಿ ಚರ್ಮದಡಿಯಲ್ಲೇ ಒಂದು ನರ ಹೋಗುತ್ತದೆ, ಸಡಿಲಿಸಿ. ಒದ್ದೆಯಾದದ್ದನ್ನು ಹಾಗೆಯೇ ಹಾಕಿಕೊಂಡರೆ ಚರ್ಮ ಕೆಡುತ್ತದೆ, ಆಗಾಗ ಒಗೆಯಬೇಕಾಗುವುದರಿಂದ ಅನುಕೂಲವಿದ್ದರೆ ಎರಡು ಇಟ್ಟುಕೊಳ್ಳಿ. ಮೂರು ವಾರದ ನಂತರ ನೋವು ಅರ್ಧಕ್ಕಿಂತ ಕಡಿಮೆಯಾಗಿದ್ದರೆ ಇನ್ನೂ ಮೂರು ವಾರ ರಾತ್ರಿ ಮತ್ತು ಎತ್ತುವ ಕೆಲಸಕ್ಕೆ ಮಾತ್ರ.

ಸ್ಪ್ಲಿಂಟಿಗಿಂತಲೂ ಮುಖ್ಯವಾದದ್ದು ಎತ್ತುವ ರೀತಿ. ಹಾಸಿಗೆ ನೆಲದ ಮೇಲಿದ್ದರೆ ನಿಂತು ಬಗ್ಗಬೇಡಿ, ಮಗುವಿನ ಪಕ್ಕ ಮಂಡಿಯೂರಿ ಹತ್ತಿರ ಕೂತುಕೊಳ್ಳಿ. ಎಡ ಅಂಗೈ ಮೇಲ್ಮುಖವಾಗಿ, ಹೆಬ್ಬೆರಳನ್ನು ತೋರುಬೆರಳ ಪಕ್ಕಕ್ಕೆ ಅಂಟಿಸಿಕೊಂಡು, ಕೈಯನ್ನು ಮಗುವಿನ ಕುತ್ತಿಗೆ ಮತ್ತು ಭುಜದ ಕೆಳಗೆ ಜಾರಿಸಿ. ಅಂಗೈ ಅಲ್ಲ, ಮುಂಗೈಯೇ ಒಳಗೆ ಹೋಗಬೇಕು. ತಲೆ ಮೊಣಕೈ ಹತ್ತಿರ ಕೂರಬೇಕು. ಬಲ ಅಂಗೈಯನ್ನೂ ಅದೇ ರೀತಿ ಕುಂಡೆಯ ಕೆಳಗೆ ಜಾರಿಸಿ. ಈಗ ನೇರ ಮೇಲಕ್ಕೆ ಎತ್ತದೆ, ಮೊದಲು ಮಗುವನ್ನು ನಿಮ್ಮ ಎದೆಗೆ ಎಳೆದುಕೊಳ್ಳಿ, ಮೊಣಕೈ ಪಕ್ಕೆಗೆ ತಾಗಿರಲಿ, ನಂತರ ಏಳಿ. ಭಾರ ತೋಳಿಗೆ ಬರುತ್ತದೆ, ಹೆಬ್ಬೆರಳಿಗೆ ಏನೂ ಉಳಿಯುವುದಿಲ್ಲ. ಎರಡು ದಿನ ಇದು ಅಡ್ಡಾದಿಡ್ಡಿ ಅನ್ನಿಸುತ್ತದೆ, ಮೂರನೆಯ ದಿನದಿಂದ ಕೈಗೆ ರೂಢಿಯಾಗುತ್ತದೆ. ನಿಮ್ಮ ಕೈ ಸರಿಯಿದೆಯೇ ಎಂದು ನೋಡಲು ಮನೆಯವರಿಗೆ ಹೇಳಿ: ಎತ್ತಿದಾಗ ಹೆಬ್ಬೆರಳು ಇಂಗ್ಲಿಷಿನ L ಅಕ್ಷರದ ಆಕಾರದಲ್ಲಿ ಕಂಡರೆ ಹಳೇ ಅಭ್ಯಾಸವೇ.

ಹಾಲೂಡುವಾಗ ದಿಂಬು ಅಥವಾ ಮಡಿಸಿದ ಕಂಬಳಿಯನ್ನು ಮಡಿಲಲ್ಲಿಟ್ಟು ಮಗುವನ್ನು ಎದೆಯ ಮಟ್ಟಕ್ಕೆ ತನ್ನಿ. ತಲೆ ಮೊಣಕೈಯ ಮಡಿಕೆಯಲ್ಲಿರಲಿ, ಭಾರವನ್ನು ದಿಂಬು ಹೊರಲಿ. ರಾತ್ರಿಯ ಒಂದೆರಡು ಹಾಲನ್ನು ಪಕ್ಕಕ್ಕೆ ಮಲಗಿ ಕೊಟ್ಟರೆ ಆ ಹೊತ್ತಿನ ಎತ್ತುವಿಕೆಗಳೇ ಇಲ್ಲವಾಗುತ್ತವೆ, ಆದರೆ ಕೊಡುತ್ತ ನಿದ್ದೆ ಹೋಗದಂತೆ ಎಚ್ಚರವಿರಲಿ. ಕೈಯಿಂದ ಒತ್ತುವ ಬ್ರೆಸ್ಟ್ ಪಂಪ್ ಇದ್ದರೆ ಸದ್ಯ ಬಿಡಿ, ಅದೂ ಹೆಬ್ಬೆರಳ ಕೆಲಸವೇ. ಮೂರು ವಾರ ಅಮ್ಮನಿಗೆ ಬಿಟ್ಟುಕೊಡಬೇಕಾದ ಕೆಲಸಗಳು: ಮಗುವಿಗೆ ಎಣ್ಣೆ ಹಚ್ಚಿ ಎರೆಯುವುದು, ಬಟ್ಟೆ ಹಿಂಡುವುದು, ಕಾಯಿ ತುರಿಯುವುದು, ಚಪಾತಿ ಹಿಟ್ಟು ನಾದುವುದು. ತೊಟ್ಟಿಲಿನ ಹಗ್ಗವನ್ನು ಹೆಬ್ಬೆರಳಿಗೆ ಸುತ್ತಿಕೊಂಡು ಎಳೆಯುವ ಬದಲು ಕಾಲಿಗೆ ಕುಣಿಕೆ ಹಾಕಿಕೊಂಡು ತೂಗಬಹುದು. ಮಗು ಹಾಲು ಕುಡಿಯುವಾಗ ಅದೇ ಕೈ ಹೆಬ್ಬೆರಳಲ್ಲಿ ಫೋನ್ ಸ್ಕ್ರಾಲ್ ಮಾಡುವುದನ್ನೂ ಇದೇ ಪಟ್ಟಿಗೆ ಸೇರಿಸಿ.

ಅಮ್ಮನ ಎಣ್ಣೆಯ ವಿಷಯ. ಬೆಚ್ಚಗಿನ ಎಣ್ಣೆಯನ್ನು ಮೆಲ್ಲಗೆ ಸವರಿದರೆ ತೊಂದರೆಯಿಲ್ಲ. ಗಟ್ಟಿಯಾಗಿ ತಿಕ್ಕುವುದು, ‘ಉಳುಕು ತೆಗೆಯುವುದು’ ಎಂದು ಹೆಬ್ಬೆರಳು ಹಿಡಿದು ಎಳೆಯುವುದು ಖಂಡಿತ ಬೇಡ. ದಪ್ಪವಾದ ಪಟ್ಟಿಯಡಿಯಲ್ಲಿ ಹುರಿಯನ್ನು ಬಲವಂತವಾಗಿ ಜಗ್ಗಿದರೆ ಊತ ಹೆಚ್ಚಾಗಿ ಮರುದಿನ ಇನ್ನಷ್ಟು ನೋಯುತ್ತದೆ. ಐಸನ್ನು ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ ಇಡುವುದರಿಂದ ಕೊಂಚ ಆರಾಮ ಸಿಗುತ್ತದೆ, ಬಾಣಂತಿಗೆ ಶೀತವಾಗುತ್ತದೆಂಬ ಹೆದರಿಕೆ ಬೇಕಿಲ್ಲ. ಆದರೂ ಮನೆಯಲ್ಲಿ ಒಪ್ಪದಿದ್ದರೆ ಐಸಿಗಾಗಿ ಜಗಳ ಬೇಡ, ಅದರಿಂದ ಆಗುವ ಲಾಭ ಅಷ್ಟಕ್ಕಷ್ಟೆ. ಹಟ ಹಿಡಿಯುವುದಿದ್ದರೆ ಬಟ್ಟೆ ಹಿಂಡುವ ಕೆಲಸ ಬಿಡಿಸಿಕೊಳ್ಳಲು ಹಿಡಿಯಿರಿ.

ಮಾತ್ರೆಗಳಲ್ಲಿ ಹಾಲೂಡುವವರಿಗೆ ಐಬುಪ್ರೊಫೆನ್ ಮತ್ತು ಪ್ಯಾರಾಸಿಟಮಾಲ್ ಎರಡೂ ಸರಿಹೊಂದುತ್ತವೆ, ಹಾಲಿಗೆ ಬರುವ ಪ್ರಮಾಣ ತೀರ ಕಡಿಮೆ. ಐಬುಪ್ರೊಫೆನ್ 400 ಮಿ.ಗ್ರಾಂ ಊಟವಾದ ಮೇಲೆ ದಿನಕ್ಕೆ ಮೂರು ಸಲ, ಐದರಿಂದ ಏಳು ದಿನ ಸಾಮಾನ್ಯ ಪ್ರಮಾಣ. ಹೊಟ್ಟೆಹುಣ್ಣು, ಆಸ್ತಮಾ, ಮೂತ್ರಪಿಂಡದ ತೊಂದರೆ ಇದ್ದವರು, ಬಸುರಿನಲ್ಲಿ ಬಿ.ಪಿ. ಏರಿದ್ದವರು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ಜೆಲ್ ಹಚ್ಚಿದ್ದರೆ ಮಗುವನ್ನು ಮುಟ್ಟುವ ಮೊದಲು ಒರೆಸಿಕೊಳ್ಳಿ, ಮಗು ಆ ಕೈಯನ್ನು ಬಾಯಿಗೆ ಹಾಕಿಕೊಳ್ಳಬಹುದು. ಮಾತ್ರೆ, ಜೆಲ್ ಎರಡೂ ನೋವನ್ನು ತಗ್ಗಿಸುತ್ತವೆಯೇ ಹೊರತು ದಪ್ಪವಾದ ಪಟ್ಟಿಯನ್ನು ತೆಳುಗೊಳಿಸುವುದಿಲ್ಲ. ಮಾತ್ರೆಯ ಬಲದಿಂದ ಹಳೆಯ ರೀತಿಯಲ್ಲೇ ಎತ್ತುತ್ತಿದ್ದರೆ ಸಮಸ್ಯೆ ಬೆಳೆಯುತ್ತಲೇ ಇರುತ್ತದೆ.

ಇನ್ನು ನಿಮ್ಮ ಮುಖ್ಯ ಭಯ, ಇಂಜೆಕ್ಷನ್. ಟ್ರಯಾಮ್ಸಿನೊಲೋನ್ ಅಥವಾ ಮೀಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡನ್ನು ಮರಗಟ್ಟಿಸುವ ಔಷಧದೊಂದಿಗೆ ಒಂದು ಮಿ.ಲೀ. ಆಸುಪಾಸು ಸುರಂಗದೊಳಕ್ಕೆ ಕೊಡುತ್ತಾರೆ. ಬಾಣಂತಿಯರಲ್ಲಿ ಇದು ಸ್ಪ್ಲಿಂಟಿಗಿಂತ ಬೇಗ ಮತ್ತು ಹೆಚ್ಚು ಖಚಿತವಾಗಿ ಕೆಲಸ ಮಾಡುತ್ತದೆ, ಬಹುಪಾಲು ಮಂದಿಗೆ ಒಂದೇ ಸಾಕಾಗುತ್ತದೆ. ಹಾಲು ನಿಲ್ಲಿಸುವ ಅಗತ್ಯವಿಲ್ಲ. ಕೀಲು, ಟೆಂಡನ್‌ಗಳಿಗೆ ಸ್ಟೀರಾಯ್ಡ್ ಚುಚ್ಚಿದ ಬಳಿಕ ಕೆಲವು ದಿನ ಹಾಲು ತಗ್ಗಿದ ಒಂದೆರಡು ಪ್ರಕರಣಗಳು ವರದಿಯಾಗಿವೆ, ಮತ್ತೆ ಸರಿಹೋಗಿವೆ. ಹಾಲು ಇನ್ನೂ ಕುದುರದ ಮೊದಲ ವಾರಗಳಲ್ಲಿ ಇದು ಯೋಚಿಸಬೇಕಾದ ಸಂಗತಿ. ನಿಮಗೆ ಎರಡೂವರೆ ತಿಂಗಳಾಗಿದೆ, ಹಾಲು ನೆಲೆಗೊಂಡಿದೆ. ಇಂಜೆಕ್ಷನ್ ಆದ ವಾರ ಮಗುವಿಗೆ ಇನ್ನಷ್ಟು ಸಲ ಹಾಲು ಕೊಡಿ, ಮಗು ಎಷ್ಟು ಸಲ ಉಚ್ಚೆ ಹೊಯ್ಯುತ್ತದೆ ಎಂದು ಗಮನಿಸಿ. ದಿನಕ್ಕೆ ಆರಕ್ಕಿಂತ ಕಡಿಮೆಯಾದರೆ ಮಕ್ಕಳ ವೈದ್ಯರಿಗೆ ತಿಳಿಸಿ.

ಹಾಲಿಗಿಂತ ಹೆಚ್ಚು ಎದುರಾಗುವ ತೊಂದರೆಗಳು ಬೇರೆ. ಮೊದಲ ಒಂದೆರಡು ದಿನ ನೋವು ಹೆಚ್ಚಾಗಬಹುದು, ಆ ದಿನಗಳಲ್ಲಿ ಮಗುವನ್ನು ಎತ್ತಿಕೊಡಲು ಯಾರನ್ನಾದರೂ ಪಕ್ಕದಲ್ಲಿಟ್ಟುಕೊಳ್ಳಿ. ಔಷಧ ಸುರಂಗಕ್ಕೆ ಹೋಗದೆ ಚರ್ಮದಡಿಗೆ ಚೆಲ್ಲಿದರೆ ಆ ಜಾಗದ ಕೊಬ್ಬು ಕರಗಿ ಗುಳಿ ಬೀಳುತ್ತದೆ, ಚರ್ಮ ಬಿಳಿಚಿಕೊಳ್ಳುತ್ತದೆ. ನಮ್ಮ ಮೈಬಣ್ಣದಲ್ಲಿ ಅದು ಎದ್ದು ಕಾಣುತ್ತದೆ, ಸಾಮಾನ್ಯವಾಗಿ ತಿಂಗಳುಗಳಲ್ಲಿ ಮತ್ತೆ ಬಣ್ಣ ಕೂಡುತ್ತದೆ. ಬಸುರಿನಲ್ಲಿ ಸಕ್ಕರೆ ಏರಿದ್ದರೆ ಇಂಜೆಕ್ಷನ್ ಬಳಿಕ ಕೆಲವು ದಿನ ಸಕ್ಕರೆ ಪರೀಕ್ಷಿಸಿಕೊಳ್ಳಿ. ಸಾಧ್ಯವಿದ್ದರೆ ಅಲ್ಟ್ರಾಸೌಂಡ್ ನೋಡುತ್ತಾ ಕೊಡುವವರ ಬಳಿ ಹೋಗಿ. ಕಾರಣವಿದೆ: ಕೆಲವರ ಸುರಂಗದ ಮಧ್ಯೆ ತೆಳುವಾದ ಗೋಡೆಯೊಂದು ಹುಟ್ಟಿನಿಂದಲೇ ಇರುತ್ತದೆ, ಎರಡು ಹುರಿಗಳೂ ಬೇರೆ ಬೇರೆ ಕೋಣೆಯಲ್ಲಿ ಓಡುತ್ತವೆ. ಒಂದು ಕೋಣೆಗೆ ಮಾತ್ರ ಔಷಧ ಬಿದ್ದರೆ ಇನ್ನೊಂದರ ನೋವು ಹಾಗೆಯೇ ಉಳಿಯುತ್ತದೆ. ‘ಇಂಜೆಕ್ಷನ್ ಹತ್ತಲಿಲ್ಲ’ ಎನ್ನುವವರಲ್ಲಿ ಕೆಲವರ ಕಥೆ ಇದೇ. ಆರು ವಾರದಲ್ಲಿ ಸಾಕಷ್ಟು ಗುಣವಾಗದಿದ್ದರೆ ಇನ್ನೊಂದು ಕೊಡಬಹುದು, ಎರಡರ ಮೇಲೆ ಮತ್ತೆ ಮತ್ತೆ ಚುಚ್ಚಿಸಿಕೊಳ್ಳಬಾರದು.

ನಿಮ್ಮ ವಿಷಯದಲ್ಲಿ ನನ್ನ ಸಲಹೆ ಹೀಗೆ. ಹೆಬ್ಬೆರಳನ್ನು ಹಿಡಿಯುವ ಸ್ಪ್ಲಿಂಟ್ ಮತ್ತು ಹೊಸ ಎತ್ತುವ ರೀತಿ ಎರಡನ್ನೂ ನಾಳೆಯಿಂದಲೇ ಶುರು ಮಾಡಿ, ಮೂರು ವಾರ ನೋಡಿ. ನೀವು ಇವೆರಡನ್ನೂ ಸರಿಯಾಗಿ ಮಾಡಿಲ್ಲದ ಕಾರಣ ಅವು ಸೋತವೆಂದು ಹೇಳಲಾಗದು. ಆದರೆ ರಾತ್ರಿ ನಿದ್ದೆಗೆಡುವಷ್ಟು ನೋವಿದ್ದರೆ, ಮಗುವನ್ನು ಕೆಳಗೆ ಬೀಳಿಸುವ ಭಯವಿದ್ದರೆ, ಮನೆಯಲ್ಲಿ ಸಹಾಯಕ್ಕೆ ಯಾರೂ ಇಲ್ಲದಿದ್ದರೆ ಮೂರು ವಾರ ಕಾಯಬೇಕಿಲ್ಲ, ಇಂಜೆಕ್ಷನ್ ಈಗಲೇ ತೆಗೆದುಕೊಳ್ಳುವುದು ಸರಿ. ತೆಗೆದುಕೊಂಡರೂ ಎರಡು ವಾರ ಸ್ಪ್ಲಿಂಟ್ ಇರಲಿ. ಹಾಲು ಬಿಡಿಸಿದ ಮೇಲೆ ಎಷ್ಟೋ ಮಂದಿಗೆ ಇದು ತಾನಾಗಿ ಶಮನವಾಗುತ್ತದೆ ಎಂಬುದು ನಿಜ, ಆದರೆ ಕೈ ನೋವಿಗಾಗಿ ಹಾಲು ಬಿಡಿಸುವುದು ಲೆಕ್ಕ ತಪ್ಪಿದ ವ್ಯಾಪಾರ.

ವ್ಯಾಯಾಮಕ್ಕೆ ಆತುರ ಬೇಡ. ಉಬ್ಬನ್ನು ಒತ್ತಿದಾಗ ನೋವು ಬಹುತೇಕ ಹೋಗುವವರೆಗೆ ಹೆಬ್ಬೆರಳನ್ನು ಎಳೆದು ಹಿಗ್ಗಿಸುವ ಯಾವುದೂ ಮಾಡಬಾರದು. ಆಮೇಲೆ ಮೊದಲ ವಾರ ದಿನಕ್ಕೆರಡು ಬಾರಿ, ನೋವಿಲ್ಲದ ಮಿತಿಯಲ್ಲಿ ಹೆಬ್ಬೆರಳನ್ನು ಹತ್ತು ಸಲ ಮೆಲ್ಲಗೆ ಅಗಲಿಸಿ ಕೂಡಿಸಿ. ಎರಡನೆಯ ವಾರದಿಂದ 200 ಮಿ.ಲೀ. ನೀರು ತುಂಬಿದ ಬಾಟಲಿ ಹಿಡಿದು, ಹೆಬ್ಬೆರಳು ಮೇಲ್ಮುಖವಾಗಿರುವಂತೆ ಮುಂಗೈಯನ್ನು ಮೇಜಿಗೆ ಆನಿಸಿ, ಮಣಿಕಟ್ಟನ್ನು ಮೇಲಕ್ಕೆ ಬಲಗೈಯ ಸಹಾಯದಿಂದ ಎತ್ತಿ, ಎಡಗೈಯಿಂದಲೇ ನಿಧಾನವಾಗಿ ಇಳಿಸಿ. ಹತ್ತು ಸಲ. ಮರುದಿನ ಬೆಳಗ್ಗೆ ನೋವು ಹೆಚ್ಚಿದ್ದರೆ ನೀರು ಅರ್ಧಕ್ಕಿಳಿಸಿ.

ಎರಡು ಇಂಜೆಕ್ಷನ್ ಆಗಿಯೂ ಬಗ್ಗದವರಿಗೆ ಶಸ್ತ್ರಚಿಕಿತ್ಸೆ ಇದೆ. ಆ ಜಾಗ ಮಾತ್ರ ಮರಗಟ್ಟಿಸಿ, ಎರಡು ಸೆಂ.ಮೀ. ಆಸುಪಾಸಿನ ಗಾಯ ಮಾಡಿ ಪಟ್ಟಿಯನ್ನು ಕತ್ತರಿಸಿ ಬಿಡುತ್ತಾರೆ, ಆ ದಿನವೇ ಮನೆಗೆ ಬರಬಹುದು. ಮಾಡುವವರು ಕೈ ಶಸ್ತ್ರಚಿಕಿತ್ಸೆಯಲ್ಲಿ ಪಳಗಿರಬೇಕು. ಮೊದಲೇ ಹೇಳಿದ ಗೋಡೆಯನ್ನು ಹುಡುಕಿ ಅದನ್ನೂ ತೆರೆಯದಿದ್ದರೆ ನೋವು ಉಳಿಯುತ್ತದೆ, ಚರ್ಮದಡಿಯ ನರಕ್ಕೆ ಪೆಟ್ಟಾದರೆ ಹೆಬ್ಬೆರಳ ಹಿಂಭಾಗದ ಉರಿ ಮೊದಲಿನ ನೋವಿಗಿಂತ ಕೆಟ್ಟದಾಗಿರುತ್ತದೆ. ನಿಮಗೆ ಅಲ್ಲಿಯವರೆಗೆ ಹೋಗುವ ಸಾಧ್ಯತೆ ಕಡಿಮೆ.

ಇಷ್ಟರಲ್ಲಿ ಬಲಗೈಯನ್ನು ಮರೆಯಬೇಡಿ. ಎಡಗೈಗೆ ಸ್ಪ್ಲಿಂಟ್ ಬಿದ್ದ ಕೂಡಲೇ ಎಲ್ಲ ಭಾರವೂ ಬಲಕ್ಕೆ ಹೋಗುತ್ತದೆ, ಹಳೆಯ ರೀತಿಯಲ್ಲೇ ಎತ್ತಿದರೆ ಅಲ್ಲೂ ಇದೇ ಶುರುವಾಗುತ್ತದೆ. ವಾರಕ್ಕೊಮ್ಮೆ ಬಲ ಮಣಿಕಟ್ಟಿನ ಉಬ್ಬನ್ನೂ ಒತ್ತಿ ನೋಡಿಕೊಳ್ಳಿ.